ತಟ್ಟೆಯ ಅಂಚಿನ ಹೆಸರು

10 ಜನವರಿ 1999, ಭಾನುವಾರ

ಅರಕೆರೆ ಬಸ್ಸು ಇವತ್ತೂ ತಡ. ಪಟ್ಟಣದಲ್ಲಿ ಬದಲಿಸಿ ಮೈಸೂರಿನ ಬ್ರೌಸಿಂಗ್ ಸೆಂಟರ್ ಮುಟ್ಟುವಾಗ ಹನ್ನೊಂದು. ಮನೇಲಿ ಕಂಪ್ಯೂಟರ್ ಕ್ಲಾಸ್ ಅಂದುಕೊಂಡಿದ್ದಾರೆ. ಅರ್ಧ ನಿಜ.

ನಮ್ಮ ಈ-ಮೇಲ್ ಗುಂಪಿನಲ್ಲಿ ಹನ್ನೆರಡು ಜನ, ಎಲ್ಲರೂ ಕೆ.ಎ.ಎಸ್.ಗೆ ಓದೋರು, ಭಾನುವಾರ ಭಾನುವಾರ ಪ್ರಶ್ನೋತ್ತರ. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಗುಂಪು ಕಟ್ಟಿದೋರು 'ಪೆನ್ಸಿಲ್' ಅನ್ನೋ ಹೆಸರಿನವರು, ಅವರು ಹಾಕಿದ ನಿಯಮ— ಹೆಸರು, ಊರು, ಫೋನು ಬೇಡ. ನಾನು ಹೊಂಗೆ. ಅರ್ಪಿತ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ.

ಸಂಕ್ರಾಂತಿಗೆ ಎಲ್ಲರಿಗೂ ಎಳ್ಳು ಬೀರಬೇಕು ಅನ್ನಿಸಿತು. ಹೋದ ವರ್ಷದ ಫೋಟೊ ಒಂದನ್ನು ಸ್ಕ್ಯಾನ್ ಮಾಡಿಸಿದೆ. ಅವ್ವ ಇದ್ದದ್ದು ಬೇಡ, ಮನೆ ಬಾಗಿಲು ಕಾಣೋದು ಬೇಡ. ಬರೀ ತಟ್ಟೆ— ಎಳ್ಳು, ಬೆಲ್ಲ, ಸಕ್ಕರೆ ಅಚ್ಚು, ಒಂದು ತುಂಡು ಕಬ್ಬು. ಸೆಂಟರಿನವರು arpita1 ಅಂತ ಹೆಸರಿಟ್ಟಿದ್ದರು ಫೈಲಿಗೆ. ellu ಅಂತ ಮಾಡಿಸಿದೆ. ನೀಟಾಗಿ ಬರಲಿ ಅಂತ ಆರುನೂರು ಡಿ.ಪಿ.ಐ.ಗೆ ಹಾಕಿದರಂತೆ. ಗುಂಪಿಗೆ ಮೇಲ್ ಹೋಗೋಕೆ ಅರ್ಧ ಗಂಟೆ ಹಿಡಿಯಿತು. ನನ್ನ ಜಾಗ್ರತೆಗೆ ನಾನೇ ಬೆನ್ನು ತಟ್ಟಿಕೊಂಡೆ.

17 ಜನವರಿ, ಭಾನುವಾರ

ಹತ್ತು ಮಂದಿ ಶುಭಾಶಯ ಕಳಿಸಿದ್ದಾರೆ. ಗಡಿಯಾರ ಅನ್ನೋ ಹೆಸರಿನವನು ಮಾತ್ರ ಗುಂಪಿಗೆ ಅಲ್ಲ, ನನಗೊಬ್ಬಳಿಗೇ. ಇತಿಹಾಸದ ನೋಟ್ಸ್ ಚೆನ್ನಾಗಿ ಹಂಚೋನು. 'ಅಣ್ಣಮ್ಮ ಅವರೇ, ನಿಮ್ಮೂರಿಗೊಂದು ಕಾರ್ಡು ಹಾಕಿದ್ದೇನೆ.'

ಅಣ್ಣಮ್ಮ?

ಅಣ್ಣಮ್ಮ ನನ್ನ ಚಿಕ್ಕಮ್ಮ. ನಾಗಮಂಗಲದಲ್ಲಿರೋಳು. ಮೇಲ್ ಅಂದರೆ ಏನು ಅಂತಾನೂ ಗೊತ್ತಿಲ್ಲ ಅವಳಿಗೆ. ಇವನಿಗೆ ಹೇಗೆ… ನಾನು ಕಳಿಸಿದ ಮೇಲ್‌ನ ಕೊನೆಗೆ ಸಹಿ ನೋಡಿದೆ, ಹೊಂಗೆ ಅಂತಲೇ ಇದೆ. 'ಇಂದ' ಅನ್ನೋ ಕಡೆ ನೋಡಿದೆ, ಅಲ್ಲೂ ಹೊಂಗೆ. ತಲೆ ಕೆಟ್ಟುಹೋಯಿತು. ಇವನು ನಮ್ಮ ನೆಂಟನಾ? ನನ್ನನ್ನ ನೋಡಿದ್ದಾನಾ? ಟೈಮ್ ಮುಗಿಯಿತು, ಎದ್ದೆ.

19 ಜನವರಿ

ಬೆಳಿಗ್ಗೆ ಫೋಟೊದಲ್ಲಿದ್ದ ಅದೇ ತಟ್ಟೆಯಲ್ಲಿ ಅವ್ವ ರೊಟ್ಟಿ ಕೊಟ್ಟಳು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದದ್ದು— 'ಅಣ್ಣಮ್ಮ ಬೋರಯ್ಯ, ಕಾಯಿ ಮಂಡಿ, ನಾಗಮಂಗಲ, ಗೃಹಪ್ರವೇಶ.' ಬಂದೋರಿಗೆಲ್ಲ ಹಂಚಿದ್ದ ತಟ್ಟೆ. ದಿನಾ ಉಣ್ಣುತ್ತೀನಿ, ಒಂದು ದಿನವೂ ಓದಿರಲಿಲ್ಲ. ಸ್ಕ್ರೀನಿನಲ್ಲಿ ಸಣ್ಣದಾಗಿ ಕಂಡಿತ್ತು. ಗಡಿಯಾರ ಅದನ್ನ ದೊಡ್ಡದು ಮಾಡಿ ನೋಡಿದ್ದಾನೆ.

ಮೊದಲು ಉಸಿರು ಬಂತು. ನನ್ನ ಹೆಸರಲ್ಲವಲ್ಲ! ಆಮೇಲೆ ಕಾರ್ಡಿನ ನೆನಪು. ಅದು ಚಿಕ್ಕಮ್ಮನ ಊರಿಗೆ ಹೋಗುತ್ತೆ.

24 ಜನವರಿ, ಭಾನುವಾರ

ಪೆನ್ಸಿಲ್‌ಗೆ ಬರೆದೆ. ತಕ್ಷಣ ಗುಂಪಿನ ಹಳೇ ಪತ್ರಗಳ ಕಡತದಿಂದ ಆ ಫೋಟೊನ ತೆಗೆದರು. ಆದರೆ ಒಬ್ಬೊಬ್ಬರ ಮೇಲ್ ಡಬ್ಬಕ್ಕೆ ಹೋಗಿ ಬಿದ್ದದ್ದನ್ನ ಯಾರೂ ವಾಪಸ್ಸು ಎಳೆಯೋಕೆ ಆಗಲ್ಲವಂತೆ. ಅಳಿಸಿ ಅಂತ ಎಲ್ಲರನ್ನೂ ಕೇಳಿದರು. ಎಂಟು ಜನ ಅಳಿಸಿದೆವು ಅಂದರು. ಮೂರು ಜನ ಸುಮ್ಮನಿದ್ದಾರೆ. ಗಡಿಯಾರ ಕ್ಷಮೆ ಕೇಳಿದ, ಕಾರ್ಡು ಮಾತ್ರ ಆಗಲೇ ಹೋಗಿದೆಯಂತೆ.

26 ಜನವರಿ

ಚಿಕ್ಕಮ್ಮ ಬಂದಳು, ಒಂದೇ ಬ್ಯಾಗು. ಚಿಕ್ಕಪ್ಪನ ಕಾಯಿ ಮಂಡಿಗೇ ಬಂದಿದೆ ಕಾರ್ಡು, ಹಮಾಲಿಗಳೆಲ್ಲ ಓದಿಯಾಗಿತ್ತಂತೆ. 'ಭಾನುವಾರದ ನಮ್ಮ ಮಾತುಕತೆಗೆ ಕಾಯುತ್ತಿರುತ್ತೇನೆ' ಅಂತ. ಚಿಕ್ಕಪ್ಪ ಅವತ್ತಿನಿಂದ ಇವಳ ಜೊತೆ ಮಾತಿಲ್ಲ.

"ಯಾರವ್ವ ಇವ್ನು? ನಂಗೇ ಗೊತ್ತಿಲ್ದೆ ಇವನ್ಗೆ ನಾನು ಏನ್ ಮಾತಾಡೀನಿ?" ಅಂದಳು ನನ್ನ ಕಡೆ ತಿರುಗಿ.

ಹಿತ್ತಿಲಿಗೆ ಕರಕೊಂಡು ಹೋಗಿ ಹೇಳಿಬಿಟ್ಟೆ. ಎಲ್ಲ.

"ನಿನ್ನ ಎಸ್ರು ಬಚ್ಚಿಟ್ಕಂಡು ನನ್ನ ಎಸ್ರ ಬೀದಿಗೆ ಹಾಕ್ಬುಟ್ಯಲ್ಲವ್ವ" ಅಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

28 ಜನವರಿ

ನಾಗಮಂಗಲಕ್ಕೆ ಹೋದೆ. ಚಿಕ್ಕಪ್ಪ, ಅದು ನನಗೆ ಬಂದ ಕಾರ್ಡು ಅಂದೆ. ನಂಬಲಿಲ್ಲ. ಕಾರ್ಡಿನಲ್ಲಿ ಅರ್ಪಿತ ಅಂತ ಎಲ್ಲಿದೆ, ಚಿಕ್ಕಮ್ಮನ್ನ ಕಾಪಾಡೋಕೆ ಬಂದಿದ್ದೀಯ ಅಂದರು. ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ. ನನ್ನ ಹೆಸರು ಎಲ್ಲೂ ಇರಬಾರದು ಅಂತಲೇ ಇಷ್ಟು ದಿನ ಜೋಪಾನ ಮಾಡಿದ್ದು.

ಕೊನೆಗೆ, ಪಾಸ್‌ವರ್ಡ್ ಇದೆ ಅಂದೆ. ಅಂದರೇನು ಅಂದರು. ನನಗೊಬ್ಬಳಿಗೇ ಗೊತ್ತಿರೋ ಬೀಗದ ಕೈ ಅಂದೆ.

31 ಜನವರಿ, ಭಾನುವಾರ

ಬ್ರೌಸಿಂಗ್ ಸೆಂಟರಿನಲ್ಲಿ ಚಿಕ್ಕಪ್ಪ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪಾಸ್‌ವರ್ಡ್ ಒತ್ತುವಾಗ ಸ್ಕ್ರೀನಿನಲ್ಲಿ ಬರೀ ಚುಕ್ಕಿ ಬಂತು. ಮೇಲ್ ಡಬ್ಬ ತೆರೆಯಿತು. ಗಡಿಯಾರನ ಪತ್ರ, ಎರಡು ವರ್ಷದ ಪ್ರಶ್ನೋತ್ತರ, ಆಮೇಲೆ ತಟ್ಟೆ. ಅಂಚು ದೊಡ್ಡದು ಮಾಡಿ ತೋರಿಸಿದೆ. ತಮ್ಮ ಹೆಸರನ್ನ ಬೆರಳಿಟ್ಟು ಓದಿದರು. ಗಾಜಿನ ಮೇಲೆ ಬೆರಳು ಹಾಗೇ ನಿಂತಿತು.

"ಹದಿನೈದು ವರ್ಷ ಬಾಳಾಟ ಮಾಡೀವ್ನಿ. ಒಂದ್ ಮಾತು ಕೇಳ್ನಿಲ್ಲ ಅವಳ್ನ. ಈಗ ಏನಂತ ಹೇಳ್ಲಿ?"

ಹೊರಗೆ ಬಂದ ಮೇಲೆ, ನೀನೇ ಅವಳಿಗೊಂದು ಕಾಗದ ಬರೆದುಕೊಡು, ತಗೊಂಡು ಹೋಗ್ತೀನಿ ಅಂದರು. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೀವಿ. ಅವರು ಆ ಕಡೆ ತಿರುಗಿದ್ದಾರೆ. ಇದೇ ಪುಸ್ತಕದಿಂದ ಹಾಳೆ ಹರಿದು ಶುರು ಮಾಡಿದೆ, ಎರಡು ಸಲ ಹೊಡೆದುಹಾಕಿದೆ. ಮೂರನೆಯದು ಇದು.

ಚಿಕ್ಕಮ್ಮ, ತಪ್ಪು ನನ್ನದು, ಆದರೆ ಚಿಕ್ಕಪ್ಪ ನಿನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ, ಅದನ್ನ ಅವರೇ ಹೇಳಬೇಕು.