ಯಂತ್ರದ ಎದೆಯೊಳಗಿನ ಹುಡುಗ

ಸಾದಲಿ, ೧೯೯೮

ಅಣ್ಣಾ,

ನಿನ್ನೆ ಮಧ್ಯಾಹ್ನ ಚಿಂತಾಮಣಿಯಿಂದ ತಂದ ಜಪಾನಿ ಕಾರ್ಟೂನ್ ಕ್ಯಾಸೆಟ್ ಹಾಕಿದ್ದೆ. ಬೆಟ್ಟದಂಥ ಯಂತ್ರಮಾನವ. ಅದರ ಎದೆಯೊಳಗೆ ಕೂತು ನಡೆಸುವವನು, ನೀನು ತೀರಿಕೊಂಡಾಗಿನ ವಯಸ್ಸಿನ ಹುಡುಗ. ಯಂತ್ರದ ತೋಳು ಮುರಿದರೆ ಅವನು ತನ್ನ ತೋಳು ಹಿಡಿದು ಚೀರುತ್ತಾನೆ. ಯಂತ್ರ ಕಟ್ಟಿದ್ದು ಅವನಪ್ಪ.

"ಅವರಪ್ಪನೇ ಯಾಕೆ ಕೂತ್ಕೊಳ್ಳಲ್ಲ?" ಅಂದಳು ಅಮ್ಮ.

"ಇಂಥ ಕತೆಗಳೆಲ್ಲ ಹಿಂಗೇ ಕಣಮ್ಮ. ದೊಡ್ಡೋರ ಮನಸ್ಸು ಬಲಿತಿರತ್ತೆ, ಯಂತ್ರದ ಜೊತೆ ಬೆರೆಯಲ್ಲ, ಎಳೇ ಮನಸ್ಸೇ ಬೇಕು. ಯಂತ್ರ ಅಂದ್ರೆ, ಬೆಳೆಯೋಕೆ ಮುಂಚೇನೇ ಮಕ್ಕಳಿಗೆ ಹೊರಿಸೋ ದೊಡ್ಡೋರ ಮೈ," ಅಂದೆ.

ಅಪ್ಪ ಎದ್ದು ಹೊರಗೆ ಹೋದರು.

ಸಂಜೆ ಹಿತ್ತಿಲಲ್ಲಿ, ಕೆರೆ ಏರಿಯಿಂದ ನಿನ್ನೊಡನೆ ಉರುಳಿದ್ದ ಟ್ರಾಕ್ಟರಿನ ಸೀಟಿನಲ್ಲಿ ಕೂತಿದ್ದರು. ನಿನ್ನ ಕಾಲಿಗೆ ಎಟುಕಲೆಂದು ಕ್ಲಚ್ಚಿಗೆ ತಾವೇ ಕಟ್ಟಿದ್ದ ಮರದ ತುಂಡನ್ನು ಬಿಚ್ಚುತ್ತಿದ್ದರು. ಗಂಟು ಬಿಡುತ್ತಿರಲಿಲ್ಲ.