ಒಂಬತ್ತನೇ ಷರತ್ತು

ಏಯ್ ನಿದ್ದೆಬುರುಕ,

ನಾನು ಆಸ್ಪತ್ರೆಗೆ ಡ್ಯೂಟಿಗೆ ಹೊರಟೆ. ಬಾಡಿಗೆ ಕರಾರುಪತ್ರವನ್ನು ಕೊನೆಗೂ ಪೂರ್ತಿ ಓದಿದೆ. ಸಹಿ ಹಾಕುವ ದಿನ ಇಬ್ಬರೂ ಬಾಲ್ಕನಿಗೇ ಮರುಳಾಗಿ ನಿಂತಿದ್ದೆವಲ್ಲ!

ನಾಲ್ಕನೇ ಷರತ್ತಿನ ಪ್ರಕಾರ, ನವೀಕರಿಸುವಾಗ ಬಾಡಿಗೆ ನೂರಕ್ಕೆ ಐದು ಮಾತ್ರ ಏರಬೇಕು. ಓನರ್ ಕೇಳುತ್ತಿರುವುದು ಇಪ್ಪತ್ತು. ಗೆದ್ದೆವೆಂದು ಕುಣಿಯಬೇಡ, ಒಂಬತ್ತನೆಯದನ್ನೂ ಓದು. ಒಂದು ತಿಂಗಳ ನೋಟಿಸ್ ಕೊಟ್ಟು, ಕಾರಣವನ್ನೇ ಹೇಳದೆ, ಅವರು ಯಾವಾಗ ಬೇಕಾದರೂ ಮನೆ ಬಿಡಿಸಬಹುದು. ಐದಕ್ಕೇ ಪಟ್ಟು ಹಿಡಿದರೆ ಮರುದಿನವೇ ನೋಟಿಸ್ ಕೈಗೆ ಬರುತ್ತದೆ.

ಅದಕ್ಕೆ ಸಂಜೆ ಅವರು ಬಂದಾಗ ಹತ್ತಕ್ಕೆ ಒಪ್ಪಿಕೋ. ಬದಲಿಗೆ, ಕರಾರಿನ ಹನ್ನೊಂದು ತಿಂಗಳು ಮುಗಿಯುವವರೆಗೆ ನಮ್ಮನ್ನು ಖಾಲಿ ಮಾಡಿಸುವಂತಿಲ್ಲ ಎಂದು ಹೊಸ ಪತ್ರದಲ್ಲೇ ಬರೆಸು. "ನನ್ನ ಮಾತು ಸಾಲದೇನಪ್ಪಾ? ನೀವು ನಮ್ಮ ಮಕ್ಕಳಿದ್ದ ಹಾಗೆ" ಅಂತಾರೆ. ಕರಗಬೇಡ. ಹೋದ ಸಲ ಆ ಮಾತಿಗೂ ಬಿದ್ದೆವು. ಬರೆಯಲು ಒಪ್ಪದಿದ್ದರೆ ಸಹಿ ಹಾಕಬೇಡ. ಆಮೇಲೆ ಎಲ್ಲಿಗೆ ಹೋಗುವುದು ಅಂತ ಮಾತ್ರ ನನ್ನನ್ನು ಕೇಳಬೇಡ, ನನಗೂ ಗೊತ್ತಿಲ್ಲ.

ಊಟ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನು.

ಮದುವೆ ಫೋಟೋಗೆ ಮೊಳೆ ಹೊಡೆಯಲು ಅನುಮತಿ ಕೇಳುವ ಗೋಜಿಗೂ ಹೋಗಬೇಡ. ಗೋಡೆಗೆ ಒರಗಿಕೊಂಡೇ ಇರಲಿ. ಒಂದು ದಿನ ಇಳಿಸುವ ಸಂಕಟವಾದರೂ ತಪ್ಪುತ್ತದೆ.