ಸಹಿ ಹಾಕಿದ ಜಾಗ

ಮನೆಯಿಂದ, ಸೋಮವಾರ, ನಾಲ್ಕನೇ ತಾರೀಕು

ಪ್ರೀತಿಯ ಮಗಳೇ,

ಸೊಂಟನೋವು ಹೇಗಿದೆ? ಆಫೀಸಿನಲ್ಲಿ ನಡುನಡುವೆ ಎದ್ದು ಓಡಾಡು. ಕುರ್ಚಿಗೆ ಅಂಟಿಕೊಂಡವರಿಗೆ ಯಾರೂ ಬಿರುದು ಕೊಡುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ನಿದ್ದೆ ಒಂದು ಸರಿಯಿಲ್ಲ.

ಕಾರಣ ನಿನ್ನ ತಮ್ಮ. ಏಳು ವರ್ಷದಿಂದ ಬಾಡಿಗೆ ಆಟೋ ಓಡಿಸುತ್ತಿದ್ದನಲ್ಲ, ದಿನಕ್ಕೆ ನಾನೂರು, ಗ್ಯಾಸ್ ತನ್ನದು. ಟೈರು, ರಿಪೇರಿ, ವಿಮೆ ಮಾಲೀಕನ ತಲೆಗೆ. ಓಡಿಸದ ದಿನ ಬಾಡಿಗೆಯೂ ಇಲ್ಲ. ಈಗ ಸ್ವಂತ ಗಾಡಿಯ ಹುಚ್ಚು. ಪರ್ಮಿಟ್ ಸೇರಿ ಮೂರು ಲಕ್ಷ. ಅರವತ್ತು ಸಾವಿರ ಕೈಯಿಂದ, ಉಳಿದದ್ದಕ್ಕೆ ಫೈನಾನ್ಸ್, ಮೂರು ವರ್ಷ, ತಿಂಗಳಿಗೆ ಎಂಟು ಸಾವಿರದ ಎಂಟುನೂರ ಅರವತ್ತೇಳು. "ಬಾಡಿಗೆಗೇ ಹತ್ತು ಸಾವಿರ ಸುರಿತೀನಿ, ಅದಕ್ಕಿಂತ ಕಮ್ಮಿಗೆ ಗಾಡಿ ನಂದಾಗುತ್ತಲ್ಲಮ್ಮ" ಎಂದು ಕುಣಿದ. ನಾನು ಫೈನಾನ್ಸಿನವರು ಕೊಟ್ಟ ಚೀಟಿಯ ಬೆನ್ನ ಮೇಲೇ ಲೆಕ್ಕ ಬಿಡಿಸಿ ತೋರಿಸಿದೆ. ಅವರು ಹೇಳುವ ಶೇಕಡಾ ಹನ್ನೊಂದು ಬಡ್ಡಿ ಎನ್ನುವುದು ಮೊದಲ ದಿನದ ಪೂರ್ತಿ ಸಾಲದ ಮೇಲೆ. ಅಸಲು ಕರಗಿದರೂ ಬಡ್ಡಿ ಕರಗುವುದಿಲ್ಲ, ಹಾಗಾಗಿ ಅದು ನಿಜಕ್ಕೂ ಇಪ್ಪತ್ತರ ಹತ್ತಿರ. ಇನ್ನು ಟೈರು, ವಿಮೆ ನಮ್ಮದೇ. ಜ್ವರ ಬಂದರೂ ಕಂತು ನಿಲ್ಲದು. ಹಿಂದಿನ ತಿಂಗಳು ಮೂರು ಕಂತು ತಪ್ಪಿದ ಮೀಸೆಯವನ ಆಟೋವನ್ನು ಫೈನಾನ್ಸಿನವರು ಸ್ಟ್ಯಾಂಡಿನಿಂದಲೇ ಎಳೆದುಕೊಂಡು ಹೋದರು, ಒಳಗೆ ಕೂತಿದ್ದ ಹೆಂಗಸನ್ನು ಇಳಿಸಿ. ಅವನು ಗಾಡಿಯ ಕನ್ನಡಿಯೊಂದನ್ನು ಬಿಚ್ಚಿಕೊಂಡು ನಿಂತಿದ್ದ. ನಾನೇ ಕಣ್ಣಾರೆ ನೋಡಿದೆ.

ಬೇಡ ಎಂದೇ ಹಟ ಹಿಡಿದಿದ್ದೆ. ಆದರೆ ಹೋದ ವಾರ ಅವನು ಜ್ವರದಲ್ಲಿ ಮೂರು ದಿನ ಮಲಗಿದ. ನಾಲ್ಕನೇ ದಿನ ಮಾಲೀಕನ ಶೆಡ್ಡಿಗೆ ಹೋದರೆ ಕೀ ಬೇರೆಯವನ ಕೈಯಲ್ಲಿ. "ಗಾಡಿ ನಿಂತ್ರೆ ನಂಗೆ ಬಾಡಿಗೆ ಯಾರು ಕೊಡ್ತಾರೆ? ಕೆಲಸ ಬೇಕಂದ್ರೆ ನಿಮ್ಮಮ್ಮನ್ನ ಕಳಿಸು, ಬಂದು ಕೇಳ್ಕೊಳ್ಳಲಿ" ಎಂದನಂತೆ ಮಾಲೀಕ. ನಾನು ಕೇಳಿಕೊಳ್ಳುವುದೇ! ಆವತ್ತೇ ಫೈನಾನ್ಸ್ ಆಫೀಸಿಗೆ ನಡೆದೆ. ಮನೆ ನನ್ನ ಹೆಸರಿನಲ್ಲಿದೆ, ಜಾಮೀನು ನನ್ನದು ಎಂದು ಮೇಜು ಕುಟ್ಟಿ ಹೇಳಿ ಸಹಿ ಹಾಕಿದೆ. ಗಾಡಿ ಹನ್ನೆರಡನೇ ತಾರೀಕಿಗೆ ಬರುತ್ತದೆ. ನಿನ್ನ ತಮ್ಮ ಈಗಲೇ ಸೀಟಿನ ಬಣ್ಣ ಆರಿಸುತ್ತಿದ್ದಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ

ಮರೆತಿದ್ದೆ: ಆವತ್ತು ಕನ್ನಡಕ ಒಯ್ದಿರಲಿಲ್ಲ. ಅಷ್ಟು ಜನರ ಮುಂದೆ ಓದಿ ಹೇಳಿ ಎನ್ನಲು ಬಾಯಿ ಬರಲಿಲ್ಲ. ಗುಮಾಸ್ತ ಬೆರಳಿಟ್ಟಲ್ಲೆಲ್ಲ ಸಹಿ ಹಾಕಿದೆ. ನಿನ್ನೆ ಮನೆಯಲ್ಲಿ ಆ ಕಾಗದಗಳ ಪ್ರತಿ ಓದಿದೆ. ನನ್ನ ಹೆಸರಿನ ಕೆಳಗೆ ಜಾಮೀನುದಾರರು ಎಂದಿಲ್ಲ, ಸಹ ಸಾಲಗಾರರು ಎಂದಿದೆ, ಅಂದರೆ ಸಾಲ ನನ್ನದೂ ಹೌದು. ಒಂದು ಹಾಳೆಯಲ್ಲಿ ಅಡಮಾನ ಎಂದು ಮನೆಯ ನಂಬರೂ ಇದೆ. ಹಣ ಇನ್ನೂ ಬಿಡುಗಡೆಯಾಗಿಲ್ಲವಂತೆ. ಹನ್ನೆರಡರ ಒಳಗೆ ನಿಲ್ಲಿಸಬಹುದಾ, ವಿಚಾರಿಸು. ನಿನ್ನ ತಮ್ಮನ ಫೋನಿಗೆ ಮಾಡಬೇಡ, ಕೆಳಗಿನ ಟೈಲರ್ ಅಂಗಡಿಗೆ ಮಾಡು. ಅವನಿಗೆ ಹೇಳಿಲ್ಲ. ನನಗೆ ಭಯವಾಗುತ್ತಿದೆ ಮಗಳೇ.